ಜನವರಿ 31ರ ಗಡುವು: ಸ್ಥಿರಾಸ್ತಿ ವಿವರದ ಸುತ್ತೋಲೆ ಕೈಗೆ ಬಂದ ಮೇಲೆ ಕೇಂದ್ರ ಸರ್ಕಾರಿ ನೌಕರರು ಮಾಡಬೇಕಾದ ಕೆಲಸ

ಪ್ರತಿ ವರ್ಷ ಜನವರಿಯ ಆರಂಭದಲ್ಲಿ ಕೇಂದ್ರ ಸರ್ಕಾರದ ಕಚೇರಿಗಳ ಆಡಳಿತ ಶಾಖೆಯಿಂದ ಒಂದು ಸುತ್ತೋಲೆ ಹೊರಡುತ್ತದೆ. ಹಿಂದಿನ ವರ್ಷದ ಡಿಸೆಂಬರ್ 31ಕ್ಕೆ ಇದ್ದ ಸ್ಥಿರಾಸ್ತಿಯ ವಿವರವನ್ನು ಜನವರಿ 31ರೊಳಗೆ ಸಲ್ಲಿಸಬೇಕು, ತಪ್ಪಿದಲ್ಲಿ ವಿಜಿಲೆನ್ಸ್ ಕ್ಲಿಯರೆನ್ಸ್ ನಿರಾಕರಿಸಲಾಗುವುದು ಎಂಬಷ್ಟೇ ಅದರ ಸಾರ. ಎರಡು ಮೂರು ಸಾಲಿನ ಈ ಸುತ್ತೋಲೆಯನ್ನು ಓದಿದ ಬಹುಪಾಲು ನೌಕರರು ಕಳೆದ ವರ್ಷದ ನಮೂನೆಯನ್ನು ಹುಡುಕಿ ತೆಗೆದು, ವರ್ಷದ ಅಂಕಿಯನ್ನು ಮಾತ್ರ ತಿದ್ದಿ, ಸಹಿ ಹಾಕಿ ಕಳುಹಿಸುತ್ತಾರೆ. ಆ ವರ್ಷದಲ್ಲಿ ನಿಜವಾಗಿಯೂ ಏನೂ ಬದಲಾಗಿಲ್ಲದಿದ್ದರೆ ಅಷ್ಟು ಸಾಕು. ಆದರೆ ಮನೆ, ನಿವೇಶನ, ಕಾರು, ಷೇರು, ಪಿತ್ರಾರ್ಜಿತ ಜಮೀನು, ಸಂಗಾತಿಯ ಹೊಸ ವ್ಯವಹಾರ, ಇವುಗಳಲ್ಲಿ ಒಂದಾದರೂ ಆ ವರ್ಷದೊಳಗೆ ಬಂದುಹೋಗಿದ್ದರೆ ಅದು ಸಾಲದು. ವಿವರಪಟ್ಟಿಯನ್ನು ಪರಿಶೀಲಿಸುವವರು ಮೂರು ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುತ್ತಾರೆ: ಕಳೆದ ವರ್ಷದ ಪಟ್ಟಿ, ಈ ವರ್ಷದ ಪಟ್ಟಿ, ಮತ್ತು ಇವೆರಡರ ನಡುವೆ ನೌಕರನು ಸಲ್ಲಿಸಿದ ಮಾಹಿತಿ ಪತ್ರಗಳು. ಈ ಮೂರೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ವಿವರಣೆ ಕೇಳುವ ಪತ್ರಗಳು ಹೆಚ್ಚಾಗಿ ಹುಟ್ಟುವುದು ಇವು ಹೊಂದದೆ ಇರುವಲ್ಲಿಯೇ. ಹಾಗಾಗಿ ಜನವರಿಯ ಕೆಲಸವನ್ನು ನಮೂನೆ ತುಂಬುವುದರಿಂದ ಆರಂಭಿಸದೆ, ಹಳೆಯ ಕಾಗದಗಳನ್ನು ಹೊಂದಿಸಿ ನೋಡುವುದರಿಂದ ಆರಂಭಿಸಬೇಕು.

ಇಲ್ಲಿ ಹೇಳಿರುವುದೆಲ್ಲ 1964ರ ಕೇಂದ್ರ ನಾಗರಿಕ ಸೇವಾ (ನಡತೆ) ನಿಯಮಗಳು ಅನ್ವಯಿಸುವ ನೌಕರರಿಗೆ ಸಂಬಂಧಿಸಿದ್ದು. ರೈಲ್ವೆ ನೌಕರರಿಗೆ 1966ರ ಪ್ರತ್ಯೇಕ ನಡತೆ ನಿಯಮಗಳಿವೆ, ಬ್ಯಾಂಕುಗಳಿಗೂ ಸಾರ್ವಜನಿಕ ಉದ್ಯಮಗಳಿಗೂ ಅವುಗಳದೇ ನಿಯಮಗಳಿವೆ. ಕರ್ನಾಟಕ ಸರ್ಕಾರದ ನೌಕರರು 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳಿಗೆ ಒಳಪಟ್ಟಿರುವುದರಿಂದ ಅವರ ನಮೂನೆ, ಮಿತಿ ಮತ್ತು ಗಡುವುಗಳನ್ನು ಅವರವರ ಇಲಾಖೆಯ ಸುತ್ತೋಲೆಯಲ್ಲಿಯೇ ನೋಡಿಕೊಳ್ಳಬೇಕು. ಆದರೆ ಪಹಣಿ, ಖಾತೆ ಮತ್ತು ಕುಟುಂಬದ ಆಸ್ತಿಯ ಬಗ್ಗೆ ಮುಂದೆ ಹೇಳಿರುವುದು ಅವರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲ ಹಂತ: ಯಾವ ಕರ್ತವ್ಯ ಯಾವ ಗಡುವಿನದು ಎಂದು ಬೇರ್ಪಡಿಸಿಕೊಳ್ಳಿ

ನಡತೆ ನಿಯಮಗಳ 18ನೇ ನಿಯಮದಲ್ಲಿ ಒಂದಲ್ಲ, ಹಲವು ಕರ್ತವ್ಯಗಳಿವೆ, ಮತ್ತು ಅವುಗಳ ಕಾಲಮಿತಿ ಬೇರೆ ಬೇರೆ. ವರ್ಷಕ್ಕೊಮ್ಮೆ ಸಲ್ಲಿಸುವ ಪಟ್ಟಿ ಸ್ಥಿರಾಸ್ತಿಗೆ ಮಾತ್ರ ಸಂಬಂಧಿಸಿದ್ದು, ಮತ್ತು ಅದು ‘ಎ’ ಹಾಗೂ ‘ಬಿ’ ಗುಂಪಿನ ನೌಕರರಿಗೆ ಅನ್ವಯಿಸುತ್ತದೆ. ಜನವರಿ 31 ಎಂಬ ಗಡುವು ಇದರದು.

ಎರಡನೆಯದು ಸ್ಥಿರಾಸ್ತಿಯನ್ನು ಕೊಳ್ಳುವ, ಮಾರುವ, ದಾನವಾಗಿ ಪಡೆಯುವ ಅಥವಾ ಕೊಡುವ, ಅಡಮಾನ ಮಾಡುವ, ಭೋಗ್ಯಕ್ಕೆ ತೆಗೆದುಕೊಳ್ಳುವ ಮುಂಚೆಯೇ ಇಲಾಖೆಗೆ ತಿಳಿಸುವ ಕರ್ತವ್ಯ. ಇದಕ್ಕೆ ಜನವರಿಗೂ ಸಂಬಂಧವಿಲ್ಲ, ಡಿಸೆಂಬರಿಗೂ ಸಂಬಂಧವಿಲ್ಲ. ವ್ಯವಹಾರ ಯಾವ ತಿಂಗಳಲ್ಲಿ ನಡೆಯುತ್ತದೆಯೋ ಅದಕ್ಕೆ ಮುಂಚೆ ಪತ್ರ ಹೋಗಿರಬೇಕು. ವ್ಯವಹಾರದ ಎದುರು ಪಕ್ಷದವರಿಗೂ ನೌಕರನ ಅಧಿಕೃತ ಕೆಲಸಕ್ಕೂ ಸಂಬಂಧವಿದ್ದರೆ ಬರಿಯ ಮಾಹಿತಿ ಸಾಲದು, ಪೂರ್ವಾನುಮತಿಯೇ ಬೇಕು.

ಮೂರನೆಯದು ಚರಾಸ್ತಿ. ನೌಕರನ ಎರಡು ತಿಂಗಳ ಮೂಲ ವೇತನಕ್ಕಿಂತ ಹೆಚ್ಚು ಬೆಲೆಯ ಚರಾಸ್ತಿಯ ವ್ಯವಹಾರ ನಡೆದರೆ ಅದನ್ನು ಒಂದು ತಿಂಗಳೊಳಗೆ ವರದಿ ಮಾಡಬೇಕು. ಚರಾಸ್ತಿ ಎಂದರೆ ಚಿನ್ನ ಮತ್ತು ವಾಹನವಷ್ಟೇ ಅಲ್ಲ. ಪಡೆದ ಸಾಲ, ಕೊಟ್ಟ ಸಾಲ, ಷೇರು, ವಾರ್ಷಿಕ ಕಂತು ಆ ಮಿತಿಯನ್ನು ಮೀರುವ ವಿಮಾ ಪಾಲಿಸಿ, ಇವೆಲ್ಲವನ್ನೂ ನಿಯಮವು ಚರಾಸ್ತಿ ಎಂದೇ ಪರಿಗಣಿಸುತ್ತದೆ. ಬ್ಯಾಂಕಿನಿಂದ ಪಡೆದ ವಾಹನ ಸಾಲವನ್ನು ವರದಿ ಮಾಡದೆ, ವಾಹನವನ್ನು ಮಾತ್ರ ವರದಿ ಮಾಡುವ ರೂಢಿ ವ್ಯಾಪಕವಾಗಿದೆ. ಹಾಗೆ ಮಾಡುವುದರಿಂದ ವಾಹನಕ್ಕೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ನೌಕರನೇ ಆಹ್ವಾನಿಸಿದಂತಾಗುತ್ತದೆ.

ನಾಲ್ಕನೆಯದು ಷೇರು, ಸಾಲಪತ್ರ, ಮ್ಯೂಚುಯಲ್ ಫಂಡ್ ಮುಂತಾದವುಗಳ ವಾರ್ಷಿಕ ಮಾಹಿತಿ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಇವುಗಳ ಒಟ್ಟು ವ್ಯವಹಾರವು ಆರು ತಿಂಗಳ ಮೂಲ ವೇತನವನ್ನು ಮೀರಿದರೆ ಮುಂದಿನ ಜನವರಿ 31ರೊಳಗೆ ನಿಗದಿತ ನಮೂನೆಯಲ್ಲಿ ತಿಳಿಸಬೇಕೆಂದು ಸಿಬ್ಬಂದಿ ಮತ್ತು ತರಬೇತಿ ಇಲಾಖೆಯು 2019ರಲ್ಲಿ ಮಿತಿಯನ್ನು ಪರಿಷ್ಕರಿಸಿತು. ಇದು ‘ಸಿ’ ಗುಂಪಿನ ನೌಕರರಿಗೂ ಅನ್ವಯಿಸುತ್ತದೆ. ತಮಗೆ ವಾರ್ಷಿಕ ಸ್ಥಿರಾಸ್ತಿ ಪಟ್ಟಿ ಇಲ್ಲವಾದ್ದರಿಂದ ಜನವರಿಯಲ್ಲಿ ಮಾಡುವ ಕೆಲಸವೇ ಇಲ್ಲವೆಂದು ಆ ಗುಂಪಿನ ನೌಕರರು ತಿಳಿದಿರುವುದುಂಟು. ತಿಂಗಳು ತಿಂಗಳು ಮ್ಯೂಚುಯಲ್ ಫಂಡಿಗೆ ಹಣ ಕಟ್ಟುವವರು ಹೆಚ್ಚಿರುವ ಈ ದಿನಗಳಲ್ಲಿ ಆ ತಿಳಿವಳಿಕೆ ಅಪಾಯಕಾರಿ.

ಎರಡನೇ ಹಂತ: ಕಾಗದಗಳನ್ನು ಒಂದೆಡೆ ಸೇರಿಸಿ

ನಮೂನೆ ತೆರೆಯುವ ಮುಂಚೆ ಮೇಜಿನ ಮೇಲೆ ಇರಬೇಕಾದವು ಹೆಚ್ಚೇನಿಲ್ಲ. ಕಳೆದ ವರ್ಷ ಸಲ್ಲಿಸಿದ ಪಟ್ಟಿಯ ಪ್ರತಿ, ವರ್ಷದೊಳಗೆ ಕೊಟ್ಟ ಮಾಹಿತಿ ಪತ್ರಗಳು ಮತ್ತು ಅವುಗಳ ಸ್ವೀಕೃತಿ, ಡಿಮ್ಯಾಟ್ ಹಾಗೂ ಮ್ಯೂಚುಯಲ್ ಫಂಡ್ ಖಾತೆಯ ಜನವರಿಯಿಂದ ಡಿಸೆಂಬರ್‌ವರೆಗಿನ ವ್ಯವಹಾರ ಪಟ್ಟಿ, ಮತ್ತು ಪ್ರತಿಯೊಂದು ಸ್ಥಿರಾಸ್ತಿಗೂ ಒಂದು ಅಧಿಕೃತ ದಾಖಲೆ. ಆದಾಯ ತೆರಿಗೆಯ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಇಲ್ಲಿನ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗಿನದು. ತೆರಿಗೆಗೆಂದು ತೆಗೆದಿಟ್ಟ ವಿವರವನ್ನೇ ಇಲ್ಲಿ ಬಳಸಿದರೆ ಷೇರಿನ ಒಟ್ಟು ಮೊತ್ತ ತಪ್ಪಾಗುತ್ತದೆ.

ಕರ್ನಾಟಕದಲ್ಲಿ ಕೃಷಿ ಜಮೀನಿಗೆ ಭೂಮಿ ಜಾಲತಾಣದ ಪಹಣಿ, ನಗರದ ಮನೆ ಮತ್ತು ನಿವೇಶನಕ್ಕೆ ಕ್ರಯಪತ್ರ ಹಾಗೂ ಖಾತೆ, ಋಣಭಾರ ತಿಳಿಯಲು ಕಾವೇರಿ ತಂತ್ರಾಂಶದಿಂದ ಪಡೆಯುವ ಋಣಭಾರ ಪ್ರಮಾಣಪತ್ರ ಇವು ಸಾಕು. ಪಹಣಿಯನ್ನು ಹೊಸದಾಗಿಯೇ ತೆಗೆಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಊರಿನಲ್ಲಿ ತಂದೆ ತೀರಿಕೊಂಡ ಬಳಿಕ ಅಣ್ಣನೋ ತಾಯಿಯೋ ಅರ್ಜಿ ಕೊಟ್ಟು ಪೌತಿ ಖಾತೆ ಮಾಡಿಸಿರುತ್ತಾರೆ. ನಗರದಲ್ಲಿರುವ ನೌಕರನ ಹೆಸರು ಜಂಟಿಯಾಗಿ ಸೇರಿರುತ್ತದೆ. ಅದು ಸೇರಿರುವುದು ಆತನಿಗೇ ಗೊತ್ತಿರುವುದಿಲ್ಲ. ಸರ್ಕಾರಿ ದಾಖಲೆಯಲ್ಲಿ ಹೆಸರಿದ್ದು, ವಿವರಪಟ್ಟಿಯಲ್ಲಿ ಜಮೀನು ಇಲ್ಲವೆಂದರೆ ಅದನ್ನು ವಿವರಿಸುವ ಹೊಣೆ ನೌಕರನ ಮೇಲೆಯೇ ಬೀಳುತ್ತದೆ.

ಮೂರನೇ ಹಂತ: ನಮೂನೆಯ ಅಂಕಣಗಳನ್ನು ತುಂಬುವುದು

ವಾರ್ಷಿಕ ಸ್ಥಿರಾಸ್ತಿ ನಮೂನೆ ಚಿಕ್ಕದು. ಮೇಲ್ಭಾಗದಲ್ಲಿ ಹೆಸರು, ಸೇವೆ, ಈಗಿನ ಹುದ್ದೆ ಮತ್ತು ವೇತನ. ಕೆಳಗೆ ಆಸ್ತಿ ಇರುವ ಜಿಲ್ಲೆ, ತಾಲ್ಲೂಕು ಮತ್ತು ಗ್ರಾಮ, ಆಸ್ತಿಯ ಸ್ವರೂಪ, ಈಗಿನ ಬೆಲೆ, ಬೇರೆಯವರ ಹೆಸರಿನಲ್ಲಿದ್ದರೆ ಅವರ ಹೆಸರು ಮತ್ತು ಸಂಬಂಧ, ಯಾರಿಂದ ಯಾವಾಗ ಹೇಗೆ ಬಂದದ್ದು, ವಾರ್ಷಿಕ ಆದಾಯ, ಷರಾ. ಇವುಗಳಲ್ಲಿ ಮೂರು ಅಂಕಣಗಳ ಬಗ್ಗೆ ಮಾತ್ರ ವಿವರವಾಗಿ ಹೇಳಬೇಕಾಗಿದೆ.

ಈಗಿನ ಬೆಲೆಯ ಅಂಕಣದಲ್ಲಿ ಕೆಲವರು ಹತ್ತು ವರ್ಷದ ಹಿಂದಿನ ಕ್ರಯದ ಮೊತ್ತವನ್ನೇ ಪ್ರತಿ ವರ್ಷ ಬರೆಯುತ್ತಾರೆ, ಕೆಲವರು ದಲ್ಲಾಳಿ ಹೇಳಿದ ಬೆಲೆಯನ್ನು ಬರೆಯುತ್ತಾರೆ. ನಿಖರವಾಗಿ ಬೆಲೆ ಕಟ್ಟಲಾಗದಿದ್ದಾಗ ಈಗಿನ ಸ್ಥಿತಿಗೆ ಅನುಗುಣವಾದ ಅಂದಾಜು ಬೆಲೆ ತೋರಿಸಬಹುದೆಂದು ನಮೂನೆಯ ಅಡಿಟಿಪ್ಪಣಿಯೇ ಹೇಳುತ್ತದೆ. ನನ್ನ ಸಲಹೆಯೆಂದರೆ ಮುದ್ರಾಂಕ ಮತ್ತು ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಯನ್ನು ಆಧಾರವಾಗಿ ಇಟ್ಟುಕೊಂಡು, ಹಾಗೆಂದು ಷರಾ ಅಂಕಣದಲ್ಲಿ ಬರೆದು, ಕೊಂಡ ಬೆಲೆಯನ್ನು ಅದರ ಪಕ್ಕದಲ್ಲಿಯೇ ನಮೂದಿಸುವುದು. ಹೀಗೆ ಮಾಡಿದರೆ ಒಂದು ವರ್ಷ ಮಾರ್ಗಸೂಚಿ ಬೆಲೆ ಪರಿಷ್ಕರಣೆಯಾಗಿ ಮೊತ್ತವು ಏಕಾಏಕಿ ಏರಿದರೂ ಏರಿಕೆಯ ಕಾರಣ ಆ ಹಾಳೆಯಲ್ಲಿಯೇ ಇರುತ್ತದೆ.

ಯಾರ ಹೆಸರಿನಲ್ಲಿ ಎಂಬ ಅಂಕಣ ಕುಟುಂಬಕ್ಕೆ ಸಂಬಂಧಿಸಿದ್ದು. ನಡತೆ ನಿಯಮಗಳ ಪ್ರಕಾರ ಕುಟುಂಬವೆಂದರೆ ಗಂಡ ಅಥವಾ ಹೆಂಡತಿ (ಜೊತೆಯಲ್ಲಿ ವಾಸಿಸದಿದ್ದರೂ, ನ್ಯಾಯಾಲಯದ ಆದೇಶದಿಂದ ಬೇರ್ಪಡದಿದ್ದರೆ), ಪೂರ್ಣವಾಗಿ ಅವಲಂಬಿತರಾದ ಮಕ್ಕಳು, ಮತ್ತು ಪೂರ್ಣವಾಗಿ ಅವಲಂಬಿತರಾದ ಇತರ ರಕ್ತಸಂಬಂಧಿ ಹಾಗೂ ವೈವಾಹಿಕ ಸಂಬಂಧಿಗಳು. ಸಂಗಾತಿಯು ತನ್ನ ಸ್ವಂತ ದುಡಿಮೆ, ಸ್ತ್ರೀಧನ, ಉಡುಗೊರೆ ಅಥವಾ ಪಿತ್ರಾರ್ಜಿತದ ಹಣದಿಂದ, ತನ್ನ ಹೆಸರಿನಲ್ಲಿ, ತನ್ನ ಹಕ್ಕಿನಲ್ಲಿ ಮಾಡಿದ ವ್ಯವಹಾರಕ್ಕೆ ಪೂರ್ವಮಾಹಿತಿ ಮತ್ತು ಒಂದು ತಿಂಗಳ ವರದಿಯ ನಿಯಮಗಳು ಅನ್ವಯಿಸುವುದಿಲ್ಲ. ಆದರೆ ಆ ಹಣದಲ್ಲಿ ನೌಕರನ ಸಂಬಳದಿಂದ ಹೋದದ್ದು ಒಂದು ಭಾಗವಿದ್ದರೂ ವಿನಾಯಿತಿ ಉಳಿಯುವುದಿಲ್ಲ. ಹೀಗಾಗಿ ಸಂಗಾತಿಯ ಸ್ವಂತ ಆಸ್ತಿಯನ್ನು ಕೂಡ ಪಟ್ಟಿಯಲ್ಲಿ ತೋರಿಸಿ, ‘ಪತಿಯ ಸ್ವಂತ ಸಂಬಳದ ಉಳಿತಾಯದಿಂದ ಕೊಂಡದ್ದು’ ಎಂಬ ಷರಾ ಬರೆದುಬಿಡುವುದನ್ನು ನಾನು ಸುರಕ್ಷಿತವೆಂದು ಭಾವಿಸುತ್ತೇನೆ. ತೋರಿಸಿದ್ದರಿಂದ ತೊಂದರೆಗೆ ಸಿಲುಕುವ ಸಂದರ್ಭ ವಿರಳ. ಮುಂದೊಂದು ದಿನ ಆ ಆಸ್ತಿಯನ್ನು ಮಾರಿ ಬಂದ ಹಣ ಜಂಟಿ ಖಾತೆಗೆ ಸೇರಿದಾಗ ಅದರ ಮೂಲವನ್ನು ಹೇಳುವುದಕ್ಕೆ ಈ ಸಾಲೇ ಆಧಾರವಾಗುತ್ತದೆ.

ಅವಿಭಕ್ತ ಕುಟುಂಬದ ಆಸ್ತಿಯ ವಿಷಯದಲ್ಲಿ ನೌಕರನು ತನ್ನ ಪಾಲಿನ ಬೆಲೆಯನ್ನು, ಅದು ಸಾಧ್ಯವಾಗದಿದ್ದರೆ ಅಂದಾಜು ಬೆಲೆಯನ್ನು ತೋರಿಸಿ ವಿವರಣಾ ಟಿಪ್ಪಣಿ ಸೇರಿಸಬೇಕೆಂದು ನೇಮಕಾತಿಯ ಸಮಯದ ಆಸ್ತಿ ವಿವರದ ನಮೂನೆಯಲ್ಲಿ ಸೂಚನೆಯಿದೆ; ವಾರ್ಷಿಕ ಪಟ್ಟಿಯಲ್ಲಿಯೂ ಅದನ್ನೇ ಪಾಲಿಸುವುದು ಸರಿ. ಇಲ್ಲಿ ಮಹಿಳಾ ನೌಕರರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಗಳು ಕೂಡ ಹುಟ್ಟಿನಿಂದಲೇ ಸಹಭಾಗಿ. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ತವರಿನ ಜಮೀನು ಅಣ್ಣತಮ್ಮಂದಿರದು ಎಂದು ಭಾವಿಸಿ ಪಟ್ಟಿಯಿಂದ ಬಿಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಹಕ್ಕನ್ನು ಬಿಟ್ಟುಕೊಟ್ಟು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟಿದ್ದರೆ ಅದರ ದಿನಾಂಕವನ್ನು ಬರೆಯಿರಿ. ಹಾಗೆ ಮಾಡಿಕೊಡದಿದ್ದರೆ ಸಾಮಾನ್ಯವಾಗಿ ಪಾಲು ಇದೆ ಎಂದೇ ಅರ್ಥ. ಇನ್ನೊಂದೆಡೆ, ತಂದೆಯು ಸ್ವಂತವಾಗಿ ಸಂಪಾದಿಸಿದ ಆಸ್ತಿಯಲ್ಲಿ ತಂದೆ ಬದುಕಿರುವಾಗ ಮಕ್ಕಳಿಗೆ ಹಕ್ಕಿರುವುದಿಲ್ಲವಾದ್ದರಿಂದ ಅದನ್ನು ತನ್ನ ಆಸ್ತಿಯೆಂದು ತೋರಿಸುವ ಅಗತ್ಯವಿಲ್ಲ.

ಷರಾ ಅಂಕಣವನ್ನು ಖಾಲಿ ಬಿಡುವುದು ಒಂದು ಅವಕಾಶವನ್ನು ಕಳೆದುಕೊಂಡಂತೆ. ಪೂರ್ವಮಾಹಿತಿ ಪತ್ರದ ದಿನಾಂಕ, ಸಾಲ ಕೊಟ್ಟ ಬ್ಯಾಂಕು, ನೋಂದಣಿ ಆಗಿದೆಯೋ ಇಲ್ಲವೋ ಎಂಬುದು, ಎಲ್ಲವೂ ಇಲ್ಲಿಯೇ ಬರಬೇಕು. ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಮನೆಗೆ ಕ್ರಯ ಕರಾರು ಮಾಡಿಕೊಂಡು ಕಂತು ಕಟ್ಟುತ್ತಿರುವವರು, ‘ಕರಾರು ಆಗಿದೆ, ಕ್ರಯಪತ್ರ ನೋಂದಣಿಯಾಗಿಲ್ಲ, ಡಿಸೆಂಬರ್ 31ರವರೆಗೆ ಇಷ್ಟು ಪಾವತಿಸಲಾಗಿದೆ’ ಎಂದು ಬರೆದರೆ, ಎರಡು ಮೂರು ವರ್ಷದ ನಂತರ ನೋಂದಣಿಯಾದಾಗ ಒಮ್ಮೆಗೇ ದೊಡ್ಡ ಮೊತ್ತ ಪ್ರತ್ಯಕ್ಷವಾಗುವುದಿಲ್ಲ.

ಬೆಂಗಳೂರಿನಲ್ಲಿ ಲೀಸ್‌ಗೆ ಮನೆ ಹಿಡಿಯುವವರಿಗೆ ಒಂದು ಮಾತು. ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸುವ ಈ ಒಪ್ಪಂದವನ್ನು ಜನರು ಬಾಡಿಗೆಯೆಂದೇ ತಿಳಿಯುತ್ತಾರೆ. 18ನೇ ನಿಯಮದಲ್ಲಿ ಒಂದು ವರ್ಷವನ್ನು ಮೀರುವ ಭೋಗ್ಯವೂ ಸ್ಥಿರಾಸ್ತಿಯ ವ್ಯವಹಾರವೇ, ಮತ್ತು ವಾರ್ಷಿಕ ನಮೂನೆಯ ಅಡಿಟಿಪ್ಪಣಿಯು ಅಲ್ಪಾವಧಿಯ ಭೋಗ್ಯವನ್ನು ಕೂಡ ಒಳಗೊಳ್ಳುತ್ತದೆ. ಆದ್ದರಿಂದ ಅದಕ್ಕೂ ಮುಂಚಿತವಾಗಿ ಪತ್ರ ಕೊಟ್ಟು, ಪಟ್ಟಿಯಲ್ಲಿಯೂ ತೋರಿಸಬೇಕು.

ಒಂದು ಪ್ರಕರಣವನ್ನು ಬಿಡಿಸಿ ನೋಡೋಣ

ವಿವರಣೆಗೆಂದು ಒಂದು ಕಲ್ಪಿತ ಪ್ರಕರಣವನ್ನು ತೆಗೆದುಕೊಳ್ಳುತ್ತೇನೆ. ಬೆಂಗಳೂರಿನ ಒಂದು ಕೇಂದ್ರ ಕಚೇರಿಯಲ್ಲಿ ‘ಬಿ’ ಗುಂಪಿನ ಹುದ್ದೆಯಲ್ಲಿರುವ ಮಹಿಳೆಯೊಬ್ಬರು ಏಳನೇ ವೇತನ ಆಯೋಗದ ಕೋಷ್ಟಕದ 7ನೇ ಹಂತದಲ್ಲಿ 53,600 ರೂಪಾಯಿ ಮೂಲ ವೇತನ ಪಡೆಯುತ್ತಿದ್ದಾರೆ ಎಂದುಕೊಳ್ಳಿ. ಅವರು ಮೊದಲು ಮಾಡಬೇಕಾದ್ದು ತಮ್ಮ ಎರಡು ಮಿತಿಗಳನ್ನು ಬರೆದಿಟ್ಟುಕೊಳ್ಳುವುದು: ಎರಡು ತಿಂಗಳ ಮೂಲ ವೇತನ 1,07,200 ರೂಪಾಯಿ, ಆರು ತಿಂಗಳದು 3,21,600 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಗುಬ್ಬಿ ತಾಲ್ಲೂಕಿನ ಒಂದು ಗ್ರಾಮದಲ್ಲಿ ಅವರ ತಂದೆ ಸ್ವಂತ ದುಡಿಮೆಯಿಂದ ಕೊಂಡಿದ್ದ 4 ಎಕರೆ 20 ಗುಂಟೆ ಜಮೀನಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ಪೌತಿ ಖಾತೆಯಾಗಿ ತಾಯಿ, ಅಣ್ಣ ಮತ್ತು ಈ ನೌಕರರ ಹೆಸರು ಪಹಣಿಯಲ್ಲಿ ಜಂಟಿಯಾಗಿ ಬಂದಿದೆ, ವಿಭಾಗ ಆಗಿಲ್ಲ. ಒಟ್ಟು 180 ಗುಂಟೆ. ಮೂವರು ವಾರಸುದಾರರಿಗೆ ಸಮಪಾಲು ಎಂದರೆ ಅವರ ಪಾಲು 60 ಗುಂಟೆ, ಅಂದರೆ 1 ಎಕರೆ 20 ಗುಂಟೆ. ಪಟ್ಟಿಯಲ್ಲಿ ಇಡೀ ಜಮೀನನ್ನು ತಮ್ಮದೆಂದು ಬರೆಯುವುದೂ ತಪ್ಪು, ವಿಭಾಗವಾಗಿಲ್ಲವೆಂದು ಬಿಟ್ಟುಬಿಡುವುದೂ ತಪ್ಪು. ‘ಜಂಟಿ ಖಾತೆ, ಅವಿಭಾಜಿತ, ಮೂರನೇ ಒಂದು ಪಾಲು, ತಂದೆಯ ಮರಣದಿಂದ ವಾರಸಾ ರೀತ್ಯಾ ಬಂದದ್ದು’ ಎಂದು ಬರೆದು, ಮಾರ್ಗಸೂಚಿ ಬೆಲೆಯ ಮೂರನೇ ಒಂದು ಭಾಗವನ್ನು ಬೆಲೆಯ ಅಂಕಣದಲ್ಲಿ ಹಾಕಬೇಕು. ಅಣ್ಣನೇ ಬೇಸಾಯ ಮಾಡಿ ಫಸಲನ್ನು ಇಟ್ಟುಕೊಳ್ಳುತ್ತಿದ್ದರೆ ಆದಾಯದ ಅಂಕಣದಲ್ಲಿ ‘ಇಲ್ಲ’ ಎಂದು ಬರೆದು, ಕಾರಣವನ್ನು ಷರಾದಲ್ಲಿ ಹೇಳಬೇಕು.

ಎರಡನೆಯದು, ಗಂಡ ಮತ್ತು ಅವರು 2019ರಲ್ಲಿ ಬ್ಯಾಂಕ್ ಸಾಲದಿಂದ ಜಂಟಿಯಾಗಿ ಕೊಂಡ ಫ್ಲ್ಯಾಟ್. ಇದು ಪ್ರತಿ ವರ್ಷವೂ ಪಟ್ಟಿಯಲ್ಲಿ ಇದ್ದೇ ಇದೆ. ಆದರೆ ಈ ವರ್ಷ ಜುಲೈನಿಂದ ಅದನ್ನು ಬಾಡಿಗೆಗೆ ಕೊಟ್ಟು ತಾವು ಬೇರೆಡೆ ಹೋಗಿದ್ದಾರೆ. ಕಳೆದ ವರ್ಷದ ಹಾಳೆಯನ್ನು ಯಥಾವತ್ತಾಗಿ ನಕಲು ಮಾಡಿದ್ದರೆ ಆದಾಯದ ಅಂಕಣದಲ್ಲಿ ‘ಇಲ್ಲ’ ಎಂಬುದೇ ಉಳಿಯುತ್ತಿತ್ತು, ಆದರೆ ಆದಾಯ ತೆರಿಗೆ ವಿವರಣೆಯಲ್ಲಿ ಬಾಡಿಗೆ ಕಾಣುತ್ತಿತ್ತು. ಆರು ತಿಂಗಳ ಬಾಡಿಗೆಯಲ್ಲಿ ತಮ್ಮ ಪಾಲನ್ನು ಅವರು ಇಲ್ಲಿ ನಮೂದಿಸಬೇಕು.

ಮೂರನೆಯದು, ಮೇ ತಿಂಗಳಲ್ಲಿ ಕೊಂಡ 9 ಲಕ್ಷ ರೂಪಾಯಿಯ ಕಾರು. ಇದು ಸ್ಥಿರಾಸ್ತಿ ಪಟ್ಟಿಗೆ ಬರುವುದೇ ಇಲ್ಲ. ಒಂದು ತಿಂಗಳೊಳಗೆ ಚರಾಸ್ತಿಯ ನಮೂನೆಯಲ್ಲಿ ಕಾರನ್ನೂ ಅದಕ್ಕೆ ಪಡೆದ ಸಾಲವನ್ನೂ ತಿಳಿಸಿರಬೇಕಿತ್ತು. ತಿಳಿಸಿದ್ದಾರೆಯೇ ಎಂದು ನೋಡುವುದಕ್ಕೆ ಜನವರಿ ಒಳ್ಳೆಯ ಸಮಯ.

ನಾಲ್ಕನೆಯದು ಷೇರು. ಮ್ಯೂಚುಯಲ್ ಫಂಡಿಗೆ ತಿಂಗಳಿಗೆ 20,000 ರೂಪಾಯಿಯಂತೆ ವರ್ಷಕ್ಕೆ 2,40,000 ರೂಪಾಯಿ ಕಟ್ಟಿದ್ದಾರೆ; ಅಕ್ಟೋಬರ್‌ನಲ್ಲಿ ಹಳೆಯ ಷೇರುಗಳನ್ನು 1,10,000 ರೂಪಾಯಿಗೆ ಒಮ್ಮೆಗೇ ಮಾರಿದ್ದಾರೆ. ಒಟ್ಟು 3,50,000 ರೂಪಾಯಿ, ಅಂದರೆ 3,21,600ರ ಮಿತಿಯನ್ನು ಮೀರಿತು. ಆದ್ದರಿಂದ ಜನವರಿ 31ರೊಳಗೆ ಷೇರು ವ್ಯವಹಾರದ ಪ್ರತ್ಯೇಕ ನಮೂನೆಯನ್ನು ಕೊಡಬೇಕು. ಅದಲ್ಲದೆ, ಅಕ್ಟೋಬರ್‌ನ ಮಾರಾಟವೊಂದೇ 1,07,200ರ ಮಿತಿಯನ್ನು ಮೀರಿರುವುದರಿಂದ ಅದನ್ನು ಒಂದು ತಿಂಗಳೊಳಗೆ ಬೇರೆಯಾಗಿ ತಿಳಿಸಬೇಕಿತ್ತು. ವಾರ್ಷಿಕ ಮಾಹಿತಿಯು ಒಂದು ತಿಂಗಳೊಳಗಿನ ಈ ವರದಿಗೆ ಬದಲಿಯಲ್ಲ. ತಿಂಗಳ ಕಂತುಗಳು ಒಂದೊಂದೂ ಮಿತಿಗಿಂತ ಕಡಿಮೆಯಿರುವುದರಿಂದ ಅವುಗಳಿಗೆ ಪ್ರತ್ಯೇಕ ವರದಿ ಬೇಕಿಲ್ಲ. ಪದೇ ಪದೇ ಷೇರು ಕೊಂಡು ಮಾರುವುದನ್ನು 16ನೇ ನಿಯಮವು ಸಟ್ಟಾ ವ್ಯವಹಾರವೆಂದು ಪರಿಗಣಿಸಿ ನಿಷೇಧಿಸುತ್ತದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ದಿನವಹಿ ವಹಿವಾಟನ್ನು ಎಷ್ಟೇ ಪ್ರಾಮಾಣಿಕವಾಗಿ ವರದಿ ಮಾಡಿದರೂ ಅದು ಸಕ್ರಮವಾಗುವುದಿಲ್ಲ.

ನಾಲ್ಕನೇ ಹಂತ: ಹಿತಾಸಕ್ತಿ ಸಂಘರ್ಷ

ಸ್ಥಿರಾಸ್ತಿಗೆ ಇರುವಂತೆ ಹಿತಾಸಕ್ತಿ ಸಂಘರ್ಷದ ಘೋಷಣೆಗೆ ಒಂದೇ ವಾರ್ಷಿಕ ನಮೂನೆ ಎಲ್ಲ ಕಚೇರಿಗಳಲ್ಲಿ ಇಲ್ಲ. ಕೆಲವು ಕಚೇರಿಗಳು ಜನವರಿಯ ಸುತ್ತೋಲೆಯೊಡನೆ ಘೋಷಣೆಯನ್ನು ಕೇಳುತ್ತವೆ, ಹಲವು ಕೇಳುವುದಿಲ್ಲ. ಕೇಳಲಿ ಬಿಡಲಿ, ಕರ್ತವ್ಯ ನಿಯಮದಲ್ಲಿಯೇ ಇದೆ. ತನ್ನ ಸಾರ್ವಜನಿಕ ಕರ್ತವ್ಯಕ್ಕೆ ಸಂಬಂಧಪಟ್ಟ ಖಾಸಗಿ ಹಿತಾಸಕ್ತಿಯನ್ನು ನೌಕರನು ಘೋಷಿಸಿ, ಸಂಘರ್ಷವನ್ನು ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗದಂತೆ ಪರಿಹರಿಸಿಕೊಳ್ಳಬೇಕೆಂಬ ಮಾತನ್ನು 2014ರ ತಿದ್ದುಪಡಿಯಲ್ಲಿ ಸೇರಿಸಲಾಯಿತು. ಕುಟುಂಬದ ಯಾರಾದರೂ ವ್ಯಾಪಾರ ನಡೆಸುತ್ತಿದ್ದರೆ, ಅಥವಾ ವಿಮಾ ಏಜೆನ್ಸಿ ಇಲ್ಲವೇ ಕಮಿಷನ್ ಏಜೆನ್ಸಿ ಹೊಂದಿದ್ದರೆ ಅದನ್ನು ವರದಿ ಮಾಡಬೇಕೆಂದು 15ನೇ ನಿಯಮ ಹೇಳುತ್ತದೆ. ಕುಟುಂಬದವರು ಕೆಲಸ ಮಾಡುವ ಸಂಸ್ಥೆಗೆ ಸಂಬಂಧಿಸಿದ ಕಡತವನ್ನು ತಾನು ನೋಡದೆ ಮೇಲಧಿಕಾರಿಗೆ ಒಪ್ಪಿಸಬೇಕೆಂದು 4ನೇ ನಿಯಮ ಹೇಳುತ್ತದೆ.

ಮೇಲಿನ ಪ್ರಕರಣದಲ್ಲಿಯೇ, ಆ ಮಹಿಳೆಯ ಗಂಡ ಸೆಪ್ಟೆಂಬರ್‌ನಲ್ಲಿ ಕೆಲಸ ಬದಲಿಸಿ, ಅವರ ಕಚೇರಿಯ ಕಂಪ್ಯೂಟರ್ ನಿರ್ವಹಣೆಯ ಗುತ್ತಿಗೆ ಪಡೆದಿರುವ ಸಂಸ್ಥೆಗೆ ಸೇರಿದರು ಎಂದುಕೊಳ್ಳಿ. ಆ ಮಹಿಳೆ ತಮ್ಮ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿದ್ದು ಆ ಸಂಸ್ಥೆಯ ಬಿಲ್ಲುಗಳು ಅವರ ಮೇಜಿಗೆ ಬರುತ್ತವೆ. ಗಂಡನ ವಿಭಾಗಕ್ಕೂ ಈ ಗುತ್ತಿಗೆಗೂ ಸಂಬಂಧವಿಲ್ಲ ಎಂಬುದು ಇಲ್ಲಿ ಉತ್ತರವಾಗುವುದಿಲ್ಲ. ಗಂಡ ಕೆಲಸಕ್ಕೆ ಸೇರಿದ ವಾರದಲ್ಲಿಯೇ ಸಂಸ್ಥೆಯ ಹೆಸರು, ಗುತ್ತಿಗೆಯ ವಿವರ, ತಾವು ನಿರ್ವಹಿಸುವ ಕೆಲಸ ಈ ಮೂರನ್ನು ಬರೆದು, ಆ ಬಿಲ್ಲುಗಳನ್ನು ಬೇರೆಯವರಿಗೆ ವಹಿಸುವಂತೆ ಶಾಖಾಧಿಕಾರಿಯನ್ನು ಕೋರಬೇಕು. ಲಿಖಿತ ಆದೇಶ ಬರುವವರೆಗೆ ಬಿಲ್ಲು ಬಂದರೆ ಟಿಪ್ಪಣಿ ಬರೆಯದೆ, ಹಿತಾಸಕ್ತಿಯ ಪತ್ರವನ್ನು ಉಲ್ಲೇಖಿಸಿ ಮೇಲಕ್ಕೆ ಕಳುಹಿಸಬೇಕು.

ಐದನೇ ಹಂತ: ಸಲ್ಲಿಕೆ ಮತ್ತು ಅದರ ಪುರಾವೆ

ಕೆಲವು ಸೇವೆಗಳಲ್ಲಿ ಪಟ್ಟಿಯನ್ನು ಸ್ಪ್ಯಾರೋ ಅಥವಾ ಇ-ಎಚ್‌ಆರ್‌ಎಂಎಸ್ ಜಾಲತಾಣದಲ್ಲಿ ಸಲ್ಲಿಸಬೇಕು, ಕೆಲವು ಕಚೇರಿಗಳಲ್ಲಿ ಕಾಗದದಲ್ಲಿ ಕೊಡಬೇಕು. ಆನ್‌ಲೈನ್ ಸಲ್ಲಿಕೆಯಲ್ಲಿ ‘ಉಳಿಸು’ ಎಂಬುದನ್ನು ಒತ್ತಿ, ಸಹಿಯ ಹಂತವನ್ನು ಮುಗಿಸದೆ ಸಲ್ಲಿಸಿದೆವೆಂದು ತಿಳಿಯುವವರಿದ್ದಾರೆ. ಸಹಿಯಾಗಿ ಮುಂದಕ್ಕೆ ಹೋಗಿದೆ ಎಂಬ ಸ್ಥಿತಿ ತೆರೆಯ ಮೇಲೆ ಕಾಣುವವರೆಗೆ ಕೆಲಸ ಮುಗಿದಿಲ್ಲ. ಅಖಿಲ ಭಾರತ ಸೇವೆಯ ಅಧಿಕಾರಿಗಳಿಗೆ ಈ ಸೌಲಭ್ಯ ಜನವರಿ 31ರ ನಂತರ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕಾಗದದಲ್ಲಿ ಕೊಡುವವರು ಎರಡು ಪ್ರತಿ ಮಾಡಿ, ಒಂದರ ಮೇಲೆ ಟಪಾಲು ಶಾಖೆಯ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಹಾಕಿಸಿ ಇಟ್ಟುಕೊಳ್ಳಬೇಕು. ಆಸ್ತಿಯೇ ಇಲ್ಲದವರು ಕೂಡ ‘ಇಲ್ಲ’ ಎಂದು ಬರೆದು ಪಟ್ಟಿಯನ್ನು ಕೊಡಬೇಕು. ‘ಕಳೆದ ವರ್ಷದಂತೆ’ ಎಂಬ ಒಂದೇ ಸಾಲಿನ ಬದಲು ಎಲ್ಲ ಆಸ್ತಿಯನ್ನೂ ಪ್ರತಿ ವರ್ಷ ಪೂರ್ಣವಾಗಿ ಬರೆಯುವುದು ಮೇಲು, ಏಕೆಂದರೆ ವರ್ಗಾವಣೆಯಾದ ಕಚೇರಿಯಲ್ಲಿ ಹಿಂದಿನ ವರ್ಷದ ಹಾಳೆ ಇರುತ್ತದೆಂಬ ಖಾತ್ರಿಯಿಲ್ಲ.

ಸುತ್ತೋಲೆ ಹೊರಡಿಸುವವರಿಗೆ

ಆಡಳಿತ ಶಾಖೆಯವರು ಸುತ್ತೋಲೆಯಲ್ಲಿ ಗಡುವನ್ನು ಮಾತ್ರ ಹೇಳಿ ಮುಗಿಸಿದರೆ ಕಳೆದ ವರ್ಷದ ನಕಲುಗಳೇ ಮರಳಿ ಬರುತ್ತವೆ. ಈ ಕೆಳಗಿನ ಒಕ್ಕಣೆಯನ್ನು ತಮ್ಮ ಕಚೇರಿಗೆ ಹೊಂದಿಸಿಕೊಳ್ಳಬಹುದು:

‘ಈ ಕಚೇರಿಯ ‘ಎ’ ಮತ್ತು ‘ಬಿ’ ಗುಂಪಿನ ಎಲ್ಲ ಅಧಿಕಾರಿ ಹಾಗೂ ನೌಕರರು ಕಳೆದ ಡಿಸೆಂಬರ್ 31ಕ್ಕೆ ಇದ್ದಂತೆ ತಮ್ಮ ಸ್ಥಿರಾಸ್ತಿಯ ವಿವರವನ್ನು ಇದೇ ಜನವರಿ 31ರೊಳಗೆ ನಿಗದಿತ ನಮೂನೆಯಲ್ಲಿ ಸಲ್ಲಿಸತಕ್ಕದ್ದು. ಆಸ್ತಿ ಇಲ್ಲದವರು ‘ಇಲ್ಲ’ ಎಂದು ನಮೂದಿಸಿ ಸಲ್ಲಿಸತಕ್ಕದ್ದು. ಕಳೆದ ಕ್ಯಾಲೆಂಡರ್ ವರ್ಷದಲ್ಲಿ ಷೇರು, ಮ್ಯೂಚುಯಲ್ ಫಂಡ್ ಮುಂತಾದವುಗಳ ಒಟ್ಟು ವ್ಯವಹಾರ ಆರು ತಿಂಗಳ ಮೂಲ ವೇತನವನ್ನು ಮೀರಿದ್ದಲ್ಲಿ, ಗುಂಪಿನ ಭೇದವಿಲ್ಲದೆ, ಅದರ ವಿವರವನ್ನು ಅದೇ ದಿನಾಂಕದೊಳಗೆ ಪ್ರತ್ಯೇಕವಾಗಿ ಸಲ್ಲಿಸತಕ್ಕದ್ದು. ವರ್ಷದೊಳಗೆ ಆಸ್ತಿ ಪಡೆದವರು ಅಥವಾ ವಿಲೇ ಮಾಡಿದವರು ಪೂರ್ವಮಾಹಿತಿ ಪತ್ರದ ದಿನಾಂಕವನ್ನು ಷರಾ ಅಂಕಣದಲ್ಲಿ ನಮೂದಿಸತಕ್ಕದ್ದು. ಕುಟುಂಬದ ಸದಸ್ಯರ ವ್ಯಾಪಾರ, ಏಜೆನ್ಸಿ ಅಥವಾ ಈ ಕಚೇರಿಯೊಡನೆ ವ್ಯವಹಾರವಿರುವ ಸಂಸ್ಥೆಯಲ್ಲಿನ ಉದ್ಯೋಗದ ಬಗ್ಗೆ ಈವರೆಗೆ ತಿಳಿಸದಿದ್ದಲ್ಲಿ ಈ ಸಂದರ್ಭದಲ್ಲಿ ತಿಳಿಸತಕ್ಕದ್ದು.’

ಸುತ್ತೋಲೆಯನ್ನು ರಜೆಯಲ್ಲಿರುವವರಿಗೆ, ತರಬೇತಿಗೆ ಹೋದವರಿಗೆ ಮತ್ತು ನಿಯೋಜನೆಯ ಮೇಲೆ ಹೊರಗಿರುವವರಿಗೆ ಅವರ ಇ-ಮೇಲ್ ವಿಳಾಸಕ್ಕೆ ಪ್ರತ್ಯೇಕವಾಗಿ ಕಳುಹಿಸಬೇಕು. ಬಾಕಿ ಇರುವವರ ಪಟ್ಟಿಯನ್ನು 20ರ ಹೊತ್ತಿಗೆ ಶಾಖಾವಾರು ತಯಾರಿಸಿದರೆ ನೆನಪಿಸಲು ಹತ್ತು ದಿನ ಉಳಿಯುತ್ತದೆ.

ಹಿಂದಿನ ಲೋಪ ಈಗ ಕಂಡುಬಂದರೆ

ಹೊಂದಿಸಿ ನೋಡುವಾಗ ಹಿಂದಿನ ವರ್ಷಗಳ ಪಟ್ಟಿಯಲ್ಲಿ ಬಿಟ್ಟುಹೋದ ಜಮೀನೋ ವರದಿ ಮಾಡದ ಕಾರೋ ಸಿಗಬಹುದು. ಅದನ್ನು ಈ ವರ್ಷದ ಪಟ್ಟಿಯಲ್ಲಿ ಸದ್ದಿಲ್ಲದೆ ಸೇರಿಸುವುದಾಗಲಿ, ಹಳೆಯ ದಿನಾಂಕ ಹಾಕಿ ಪತ್ರ ಬರೆಯುವುದಾಗಲಿ ಮಾಡಬಾರದು. ಎರಡನೆಯದು ಲೋಪವನ್ನು ಸುಳ್ಳು ದಾಖಲೆಯ ಮಟ್ಟಕ್ಕೆ ಏರಿಸುತ್ತದೆ. ಪಟ್ಟಿಯೊಡನೆ ಇಂದಿನ ದಿನಾಂಕದ ಒಂದು ಪತ್ರವನ್ನು ಲಗತ್ತಿಸಿ, ಯಾವ ವ್ಯವಹಾರ, ಯಾವ ದಿನಾಂಕ, ಹಣದ ಮೂಲ ಯಾವುದು, ಆಗ ತಿಳಿಸದೆ ಇದ್ದ ಕಾರಣವೇನು ಎಂಬುದನ್ನು ಬರೆದು, ಕ್ರಯಪತ್ರ, ಬ್ಯಾಂಕ್ ಪಾವತಿ ಮತ್ತು ಸಾಲದ ಮಂಜೂರಾತಿಯ ಪ್ರತಿಗಳನ್ನು ಸೇರಿಸಬೇಕು. ತಡವಾದ ಮಾಹಿತಿಗೆ ವಿವರಣೆ ಕೇಳಬಹುದು, ಶಿಸ್ತು ಕ್ರಮದ ಸಾಧ್ಯತೆಯೂ ಇದೆ. ಆದರೆ ಹಣದ ಮೂಲ ಬ್ಯಾಂಕಿನ ದಾಖಲೆಯಲ್ಲಿ ಸ್ಪಷ್ಟವಾಗಿದ್ದು ನೌಕರನೇ ಮುಂದಾಗಿ ತಿಳಿಸಿದ ಪ್ರಕರಣಕ್ಕೂ, ದೂರು ಬಂದ ಮೇಲೆ 18ನೇ ನಿಯಮದ ನಾಲ್ಕನೇ ಉಪನಿಯಮದಡಿ ಇಲಾಖೆಯೇ ಪೂರ್ಣ ಆಸ್ತಿ ವಿವರ ಕೇಳಿ ಹೊರತೆಗೆದ ಪ್ರಕರಣಕ್ಕೂ ಬಹಳ ಅಂತರವಿದೆ. ಆ ಉಪನಿಯಮದಡಿ ಆದೇಶ ಬಂದಾಗ ಸ್ಥಿರ, ಚರ ಎಂಬ ಭೇದವಿಲ್ಲದೆ ಕುಟುಂಬದ ಎಲ್ಲ ಆಸ್ತಿಯನ್ನೂ, ಪ್ರತಿಯೊಂದಕ್ಕೂ ಹಣ ಬಂದ ಮೂಲವನ್ನೂ ಆದೇಶದಲ್ಲಿ ಹೇಳಿದ ಅವಧಿಯೊಳಗೆ ಒಪ್ಪಿಸಬೇಕಾಗುತ್ತದೆ, ಮತ್ತು ಇದು ಯಾವ ತಿಂಗಳಲ್ಲಿ ಬೇಕಾದರೂ, ಯಾವ ಗುಂಪಿನ ನೌಕರನಿಗೆ ಬೇಕಾದರೂ ಬರಬಹುದು.